ಅಗಸಿ ಹತ್ತಿರ ಎಡಕ್ಕೋ, ಬಲಕ್ಕೋ? ಕೈಯಲ್ಲಿ ಬರೆದ ಊರಿನ ನಕ್ಷೆಯಿಂದ ಡ್ರೈವರ್‌ಗೆ ದಾರಿ ಬರೆಯುವ ಬಗೆ

ಗದಗಿನಲ್ಲಿ ಮನೆಬಳಕೆ ಸಾಮಾನಿನ ಅಂಗಡಿಯೊಂದರಲ್ಲಿ ಮಾಲು ಕಳಿಸುವ ಕೆಲಸ ನನ್ನದು. ಫ್ರಿಜ್, ತಿಜೋರಿ, ಮಂಚ, ವಾಷಿಂಗ್ ಮಷೀನ್ ಎಲ್ಲವೂ ಸುತ್ತಲಿನ ಹಳ್ಳಿಗಳಿಗೆ ಟಾಟಾ ಏಸ್‌ನಲ್ಲಿ ಹೋಗುತ್ತವೆ. ಬಿಲ್ಲಿನ ಮೇಲಿನ ವಿಳಾಸ ಊರಿನ ತನಕ ಮುಟ್ಟಿಸುತ್ತದೆ, ಮನೆಯ ತನಕ ಅಲ್ಲ. ಓಣಿಗೆ ಹೆಸರಿದ್ದರೂ ಬೋರ್ಡ್ ಇರುವುದಿಲ್ಲ. ಹಾಗಾಗಿ ಗಿರಾಕಿಗಳು ಕಾಗದದ ಮೇಲೆ ಒಂದು ನಕ್ಷೆ ಬರೆದು, ಅದರ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಆ ಫೋಟೋವನ್ನು ಡ್ರೈವರ್ ಓದಿ ನಡೆಯಬಹುದಾದ ಎಂಟು ಹತ್ತು ಸಾಲು ಮಾಡುವುದು ನನ್ನ ಪಾಲಿಗೆ ಬಂದಿದೆ.

ಲೊಕೇಶನ್ ತರಿಸಿಕೊಂಡರೆ ಮುಗಿಯಿತಲ್ವಾ ಅಂತ ನೀವು ಕೇಳಬಹುದು. ಎಷ್ಟೋ ಸಲ ಮುಗಿಯುತ್ತದೆ. ಆದರೆ ಗಿರಾಕಿ ಅಂಗಡಿಯಲ್ಲೋ ಸಂತೆಯಲ್ಲೋ ಕೂತು ‘ಈಗಿನ ಲೊಕೇಶನ್’ ಒತ್ತಿದರೆ ಬರುವುದು ಅವರು ಕೂತ ಜಾಗ. ಊರಿನ ಹೆಸರು ಹಾಕಿ ಹುಡುಕಿದರೆ ಪಿನ್ನು ಊರಿನ ನಡುವೆ ಎಲ್ಲೋ ಬೀಳುತ್ತದೆ. ಇನ್ನು ಫೋನಿನ ಮ್ಯಾಪು ಒಮ್ಮೊಮ್ಮೆ ಹೊಲದ ಬಂಡಿದಾರಿಯನ್ನೂ ರಸ್ತೆ ಅಂತ ತೋರಿಸುತ್ತದೆ. ನಮ್ಮದು ಎರೆ ಭೂಮಿ. ಒಂದು ಮಳೆ ಬಿದ್ದರೆ ಆ ದಾರಿಯಲ್ಲಿ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ಕೂತುಬಿಡುತ್ತದೆ. ಕೈನಕ್ಷೆಯಲ್ಲಿ ಈ ತೊಂದರೆ ಇಲ್ಲ. ಊರವರು ದಿನಾ ಓಡಾಡುವ ದಾರಿಯನ್ನೇ ಬರೆದಿರುತ್ತಾರೆ. ಅದರ ತೊಂದರೆಗಳು ಬೇರೆ.

ಒಂದು ನಕ್ಷೆಯನ್ನೇ ಹಿಡಿದು ಹೇಳುತ್ತೇನೆ. ಗದಗಿನಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯಲ್ಲಿ, ಮುಳಗುಂದ ದಾಟಿದ ಮೇಲೆ ಎಡಕ್ಕೆ ಸಿಗುವ ಒಂದು ಹಳ್ಳಿ. ಊರಿನ ಹೆಸರು ಬೇಡ. ಹೋಗಬೇಕಾದದ್ದು ಎರಡು ಬಾಗಿಲಿನ ಫ್ರಿಜ್. ನಕ್ಷೆ ಬರೆದವಳು ಗಿರಾಕಿಯ ಮೊಮ್ಮಗಳು, ಗೆರೆ ಹೊಡೆದ ನೋಟ್‌ಬುಕ್ ಹಾಳೆಯ ಮೇಲೆ, ನೀಲಿ ಪೆನ್ನಿನಲ್ಲಿ.

ಹಾಳೆಯ ಕೆಳಗೆ ಒಂದು ಚೌಕ, ಅದರೊಳಗೆ ‘ನಮ್ಮ ಮನಿ’. ಮನೆಯ ಪಕ್ಕದಿಂದ ಒಂದು ಗೆರೆ ಮೇಲಕ್ಕೆ ಹೋಗಿ ‘ದ್ಯಾಮವ್ವನ ಗುಡಿ’ ಮುಟ್ಟುತ್ತದೆ. ಗುಡಿ ಅಂದರೆ ಒಂದು ತ್ರಿಕೋನ, ತುದಿಗೆ ಬಾವುಟ. ಅಲ್ಲಿಂದ ಗೆರೆ ಹಾಳೆಯ ಎಡಕ್ಕೆ ಹೊರಳಿ ‘ಅಗಸಿ’ ಅಂತ ಬರೆದ ಕಡೆ, ಅಂದರೆ ಊರಬಾಗಿಲಿಗೆ, ಹೋಗುತ್ತದೆ. ಅಗಸಿಯ ಹತ್ತಿರ ಇನ್ನೊಂದು ಬಾವುಟದ ತ್ರಿಕೋನ, ‘ಹನಮಪ್ಪ’. ಅಗಸಿಯಿಂದ ಮತ್ತೆ ಮೇಲಕ್ಕೆ ‘ಸಾಲಿ’ ಅಂದರೆ ಶಾಲೆ, ‘ಹಳ್ಳ’, ಕೊನೆಗೆ ಹಾಳೆಯ ಮೇಲ್ತುದಿಯಲ್ಲಿ ಅಡ್ಡಕ್ಕೆ ‘ಡಾಂಬರ್ ರೋಡ್’. ಆ ರೋಡಿನ ಬಲ ತುದಿಗೆ ಬಾಣ ಹಾಕಿ ‘ಗದಗ’, ಎಡ ತುದಿಗೆ ‘ಲಕ್ಷ್ಮೇಶ್ವರ’.

ಚೆಂದದ ನಕ್ಷೆ. ಎರಡು ಬಾಣ ಹಾಕಿದ್ದಕ್ಕೆ ಆ ಹುಡುಗಿಗೆ ನಾನು ಋಣಿ. ಯಾಕೆ ಅಂತ ಈಗ ಗೊತ್ತಾಗುತ್ತದೆ.

ಹಾಳೆಯ ಬಲ ಡ್ರೈವರ್‌ನ ಬಲ ಅಲ್ಲ

ನಕ್ಷೆ ಬರೆಯುವವರು ಯಾವಾಗಲೂ ತಮ್ಮ ಮನೆಯಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಕೂತು, ಬಾಗಿಲಿನಿಂದ ಹೊರಗೆ ಹೋಗುವಂತೆ ಬರೆಯುತ್ತಾರೆ. ಡ್ರೈವರ್ ಬರುವುದು ಆ ಕಡೆಯಿಂದ ಈ ಕಡೆಗೆ. ಹಾಳೆಯನ್ನು ಅಕ್ಷರ ನೇರವಾಗಿ ಕಾಣುವಂತೆ ಹಿಡಿದು ದಾರಿ ಬರೆಯಲು ಕೂತರೆ ತಪ್ಪು ಗ್ಯಾರಂಟಿ. ಅಗಸಿಯಿಂದ ದ್ಯಾಮವ್ವನ ಗುಡಿ ಹಾಳೆಯ ಮೇಲೆ ಬಲಕ್ಕಿದೆ. ಕೈ ತಾನಾಗೇ ‘ಅಗಸಿಯಲ್ಲಿ ಬಲಕ್ಕೆ’ ಅಂತ ಬರೆದುಬಿಡುತ್ತದೆ. ಡ್ರೈವರ್ ಮೇಲಿನಿಂದ ಕೆಳಗೆ ಬರುತ್ತಿದ್ದಾನೆ. ಅವನಿಗೆ ಅದು ಎಡ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಬೇರೆ ಊರಿಗೆ ತಿಜೋರಿ ಕಳಿಸುವಾಗ. ಡ್ರೈವರ್ ಫೋನ್ ಮಾಡಿ, “ಅಣ್ಣಾ, ನೀ ಹೇಳಿದ ಬಲಕ್ಕ ಬರೇ ಹೊಲಾ ಐತಿ, ತಿಜೋರಿ ಯಾರಿಗಿ ಕೊಡ್ಲಿ?” ಅಂದ. ಅವತ್ತಿನಿಂದ ಹಾಳೆ ತಿರುಗಿಸದೆ ಒಂದು ಸಾಲನ್ನೂ ಬರೆಯುವುದಿಲ್ಲ.

ತಿರುಗಿಸುವುದು ಹೀಗೆ. ಫೋಟೋವನ್ನು ಪ್ರಿಂಟ್ ತೆಗೆಯಿರಿ, ಇಲ್ಲದಿದ್ದರೆ ಒಂದು ಹಾಳೆಗೆ ಒರಟಾಗಿ ನಕಲು ಮಾಡಿಕೊಳ್ಳಿ. ಫೋನಿನಲ್ಲೇ ನೋಡುವುದಾದರೆ ಮೊದಲು ಸ್ಕ್ರೀನ್ ತಿರುಗದಂತೆ ಲಾಕ್ ಮಾಡಿ. ಈಗ ಡ್ರೈವರ್ ಇರುವ ರಸ್ತೆ ನಿಮ್ಮ ಹೊಟ್ಟೆಯ ಕಡೆಯಿಂದ ಎದುರಿಗೆ ಹೋಗುವಂತೆ ಹಾಳೆಯನ್ನು ಹಿಡಿಯಿರಿ. ಪ್ರತಿ ತಿರುವಿನಲ್ಲೂ ಹಾಳೆಯನ್ನು ಹೊರಳಿಸಿ, ಹೊಸ ರಸ್ತೆ ಮತ್ತೆ ನಿಮ್ಮಿಂದ ಎದುರಿಗೆ ಹೋಗುವಂತೆ ಮಾಡಿಕೊಳ್ಳಿ. ಅಕ್ಷರ ತಲೆಕೆಳಗಾಗುತ್ತವೆ, ಆಗಲಿ. ಆಗ ನಿಮ್ಮ ಕೈಯ ಎಡ ಬಲವೇ ಡ್ರೈವರ್‌ನ ಎಡ ಬಲ.

ಈ ನಕ್ಷೆಗೆ ಹಾಗೆ ಮಾಡಿ ನೋಡೋಣ. ‘ಗದಗ’ ಬಾಣ ಬಲ ತುದಿಯಲ್ಲಿದೆ. ಅಂದರೆ ಗಾಡಿ ಹಾಳೆಯ ಬಲದಿಂದ ಎಡಕ್ಕೆ ಓಡುತ್ತದೆ. ಊರಿನ ರಸ್ತೆ ಕೆಳಗಿದೆ. ಹಾಳೆ ತಿರುಗಿಸಿದರೆ ಅದು ಎಡಕ್ಕೆ ಬರುತ್ತದೆ. ಊರೊಳಗೆ ಬರುವಾಗ ಶಾಲೆ ಹಾಳೆಯಲ್ಲಿ ರಸ್ತೆಯ ಬಲಕ್ಕಿದೆ, ಡ್ರೈವರ್‌ಗೆ ಎಡಕ್ಕೆ. ಅಗಸಿಯಲ್ಲಿ ಎಡಕ್ಕೆ ಹೊರಳಬೇಕು. ದ್ಯಾಮವ್ವನ ಗುಡಿಯಲ್ಲಿ ಬಲಕ್ಕೆ. ಮನೆ ಹಾಳೆಯಲ್ಲಿ ಓಣಿಯ ಬಲಕ್ಕಿದೆ, ಬರುವವರಿಗೆ ಎಡಕ್ಕೆ. ಮೂರು ತಿರುವು: ಎಡ, ಎಡ, ಬಲ.

ಇದನ್ನು ತಾಳೆ ನೋಡಲು ಒಂದು ಸುಲಭದ ದಾರಿ ಇದೆ. ಗಿರಾಕಿಯನ್ನು ‘ನಮ್ಮ ಗಾಡಿ ಹೆಂಗ್ ಬರಬೇಕು’ ಅಂತ ಕೇಳಬೇಡಿ. ಅವರು ಆ ದಿಕ್ಕಿನಿಂದ ಯೋಚಿಸಿ ರೂಢಿ ಇರುವುದಿಲ್ಲ. ‘ನೀವು ಮನೆಯಿಂದ ಗದಗಿಗೆ ಹೊಂಟರೆ ಹೆಂಗ್ ಹೋಗ್ತೀರಿ’ ಅಂತ ಕೇಳಿ. ಫ್ರಿಜ್ ತಗೊಂಡ ಈ ಕಾಕಾ ಹೇಳಿದ್ದು: “ಗುಡಿ ಹತ್ರ ಎಡಕ್ಕ, ಅಗಸಿ ಹತ್ರ ಬಲಕ್ಕ, ರೋಡಿಗಿ ಬಂದು ಬಲಕ್ಕ.” ಎಡ, ಬಲ, ಬಲ. ಇದನ್ನು ಹಿಂದಿನಿಂದ ಮುಂದಕ್ಕೆ ಓದಿ, ಪ್ರತಿಯೊಂದನ್ನೂ ಅದಲು ಬದಲು ಮಾಡಿ. ಎಡ, ಎಡ, ಬಲ. ನಾವು ನಕ್ಷೆಯಿಂದ ತೆಗೆದದ್ದೂ ಅದೇ. ಎರಡೂ ಹೊಂದದಿದ್ದರೆ ನಕ್ಷೆಯಲ್ಲಿ ತಪ್ಪಿದೆ, ಇಲ್ಲವೇ ನಾನು ಹಾಳೆ ಹಿಡಿದಿದ್ದು ತಪ್ಪಾಗಿದೆ.

ಬಾಣಗಳಿಗೆ ಋಣಿ ಅಂದದ್ದು ಇದಕ್ಕೇ. ಅವು ಇಲ್ಲದೆ ಬರೀ ‘ಡಾಂಬರ್ ರೋಡ್’ ಅಂತ ಇದ್ದಿದ್ದರೆ ಗಾಡಿ ಯಾವ ಕಡೆಯಿಂದ ಬರುತ್ತದೆ ಅನ್ನುವುದೇ ಹಾಳೆಯಲ್ಲಿ ಇರುತ್ತಿರಲಿಲ್ಲ. ಹಾಳೆಯ ಮೇಲ್ಭಾಗ ಉತ್ತರ ಅಂತ ಹಿಡಿಯಲು ಬರುವುದಿಲ್ಲ. ಊರವರು ದಿಕ್ಕು ಬಲ್ಲವರೇ. ಮೂಡಲ, ಪಡುವಲ ಅಂತ ಸರಿಯಾಗಿ ಹೇಳುತ್ತಾರೆ, ಹೊಲದ ಚಕ್ಕಬಂದಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಕಾಗದದ ಮೇಲೆ ಬರೆಯುವಾಗ ಜಾಗ ಎಲ್ಲಿದೆಯೋ ಅಲ್ಲಿಗೆ ಗೆರೆ ಎಳೆಯುತ್ತಾರೆ. ಬಾಣ ಇಲ್ಲದ ನಕ್ಷೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ, ‘ಇದ್ರಾಗ ಗದಗ ಯಾವ ಕಡೆ ಆತ್ರೀ?’

ಫೋಟೋದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪೆನ್ಸಿಲ್‌ನಲ್ಲಿ ಬರೆದದ್ದು ಮಂಕಾಗಿರುತ್ತದೆ, ಪೆನ್ನಿನಲ್ಲಿ ತಿದ್ದಿ ಕಳಿಸಲು ಹೇಳಿ. ತೆಗೆಯುವವರ ಕೈಯ ನೆರಳು ಬೀಳದಂತೆ ಬಾಗಿಲ ಬೆಳಕಿಗೆ ಹಿಡಿದು, ಮೇಲಿನಿಂದ ನೇರವಾಗಿ ತೆಗೆಯಬೇಕು. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಸಣ್ಣ ಅಕ್ಷರ ಕಲಸಿಹೋದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಳೆಯ ನಾಲ್ಕೂ ಮೂಲೆ ಕಾಣಲೇಬೇಕು. ಅಂಚಿನಲ್ಲಿ ಬರೆದ ಬಾಣವೇ ಕತ್ತರಿಸಿಹೋದರೆ ಮೇಲಿನ ಕೆಲಸವೆಲ್ಲ ನಿಂತುಬಿಡುತ್ತದೆ.

ನಕ್ಷೆಯಲ್ಲಿದ್ದೂ ಊರಲ್ಲಿ ಇಲ್ಲದ್ದು

ಈಗ ಗುರುತುಗಳ ವಿಷಯ. ಊರವರಿಗೆ ಗುರುತು ಅಂದರೆ ನೆನಪಿನಲ್ಲಿರುವುದು. ಡ್ರೈವರ್‌ಗೆ ಗುರುತು ಅಂದರೆ ಗಾಜಿನ ಮುಂದೆ ಕಾಣುವುದು. ಈ ಎರಡರ ನಡುವಿನ ಅಂತರ ದೊಡ್ಡದು.

ಅಗಸಿಯನ್ನೇ ನೋಡಿ. ನಾನು ಫೋನ್ ಮಾಡಿ, “ಕಾಕಾರೆ, ಅಗಸಿ ನೋಡಾಕ ಹೆಂಗೈತ್ರಿ? ಕಮಾನಿನಂಗ ಐತೇನ್ರಿ?” ಅಂತ ಕೇಳಿದೆ. “ಅಗಸಿ ಈಗ ಎಲ್ಲೈತ್ರೀ! ಬಿದ್ದು ಬಾಳ ವರ್ಷ ಆತು. ಆ ಜಾಗಕ್ಕ ಅಗಸಿ ಅಂತೀವಿ” ಅಂದರು. ಅಲ್ಲಿ ಈಗ ಇರುವುದು ಹನಮಪ್ಪನ ಗುಡಿ, ಅದರ ಮುಂದೆ ಒಂದು ಕಟ್ಟೆ. ಹಾಗಾಗಿ ಡ್ರೈವರ್‌ಗೆ ಬರೆಯುವ ಸಾಲಿನಲ್ಲಿ ಅಗಸಿ ತಿರುವಿನ ಗುರುತಾಗಿ ಬರಬಾರದು. ಆದರೆ ಆ ಪದವನ್ನು ಪೂರ್ತಿ ಕಿತ್ತುಹಾಕುವುದೂ ಬೇಡ. ದಾರಿ ತಪ್ಪಿ ಯಾರನ್ನಾದರೂ ಕೇಳಬೇಕಾದರೆ ‘ಅಗಸಿ ಎಲ್ಲಿ’ ಅಂದರೆ ಊರಿನ ಮಗುವೂ ಕೈ ತೋರಿಸುತ್ತದೆ. ಅದು ಕಾಣುವ ಗುರುತಲ್ಲ, ಕೇಳುವ ಗುರುತು. ಸಾಲಿನ ಕೊನೆಗೆ ‘ಕೇಳುವಾಗ ಅಗಸಿ ಅನ್ನಿ’ ಅಂತ ಬರೆಯುತ್ತೇನೆ. ‘ಹಳೇ ಸಾಲಿ’, ‘ಹಳೇ ಚಾವಡಿ’ ಇಂಥವೂ ಹೀಗೇ. ಕಟ್ಟಡ ಹೋಗಿರುತ್ತದೆ, ಹೆಸರು ಉಳಿದಿರುತ್ತದೆ.

ಎರಡನೇ ತೊಡಕು ಎರಡು ಬಾವುಟದ ತ್ರಿಕೋನ. ‘ಗುಡಿ ಹತ್ತಿರ ಬಲಕ್ಕೆ’ ಅಂತಷ್ಟೇ ಬರೆದರೆ ಡ್ರೈವರ್ ಮೊದಲು ಸಿಗುವ ಹನಮಪ್ಪನ ಗುಡಿಯಲ್ಲೇ ಬಲಕ್ಕೆ ಹೊರಳುತ್ತಾನೆ. ಚಲಿಸುವ ಗಾಡಿಯಿಂದ ಯಾವ ದೇವರು ಅಂತ ಕಾಣುವುದಿಲ್ಲ. ಎಣಿಕೆ ಕಾಣುತ್ತದೆ. ಆದ್ದರಿಂದ ‘ಮೊದಲನೇ ಗುಡಿ, ಎಡಕ್ಕೆ’, ‘ಎರಡನೇ ಗುಡಿ, ಬಲಕ್ಕೆ’. ದೇವರ ಹೆಸರು ಪಕ್ಕಕ್ಕಿರಲಿ, ಕೇಳಲು ಬೇಕಾಗುತ್ತದೆ.

ಮೂರನೆಯದು ಗಿರಣಿ. ದ್ಯಾಮವ್ವನ ಗುಡಿ ಎದುರಿನ ಮೂಲೆಗೆ ಹುಡುಗಿ ‘ಗಿರಣಿ’ ಅಂತ ಬರೆದಿದ್ದಳು. ಹಿಟ್ಟಿನ ಗಿರಣಿಗೆ ಬೋರ್ಡ್ ಇರುವುದು ಕಡಿಮೆ. ಓಡುತ್ತಿದ್ದರೆ ಸಪ್ಪಳದಿಂದ ಗೊತ್ತಾಗುತ್ತದೆ, ಕರೆಂಟ್ ಇಲ್ಲದಾಗ ಅದೂ ಒಂದು ಮನೆ ಅಷ್ಟೆ. ಕೇಳಿದಾಗ ‘ಹಸರ ತಗಡಿನ ಬಾಗಲಾ’ ಅಂದರು. ಹಾಗೇ ಬರೆದೆ. ಮರದ ವಿಷಯದಲ್ಲಿ ಇನ್ನೊಂದು ಎಚ್ಚರ. ನಮ್ಮ ಕಡೆ ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಮನೆ ಮುಂದೆ ‘ಬೇವಿನ ಗಿಡ’ ಅಂತ ನಕ್ಷೆಯಲ್ಲಿತ್ತು. ಡ್ರೈವರ್ ಮೈಸೂರಿನ ಕಡೆಯವನಾದರೆ ಮೊಣಕಾಲೆತ್ತರದ ಸಸಿ ಹುಡುಕುತ್ತಾನೆ.

ನಕ್ಷೆಯಲ್ಲಿ ಇಲ್ಲದ್ದು ಇನ್ನೂ ಹೆಚ್ಚು ಕಾಡುತ್ತದೆ. ತಾವು ಹೋಗದ ಓಣಿಯನ್ನು ಯಾರೂ ಬರೆಯುವುದಿಲ್ಲ. ಅಗಸಿಯಿಂದ ದ್ಯಾಮವ್ವನ ಗುಡಿಗೆ ಆ ಹುಡುಗಿ ಒಂದೇ ನೇರ ಗೆರೆ ಎಳೆದಿದ್ದಳು, ನಡುವೆ ಏನೂ ಇಲ್ಲ. ಫೋನಿನ ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ಹಾಕಿ ನೋಡಿದರೆ ಗುಡಿಗಿಂತ ಮೊದಲೇ ಬಲಕ್ಕೆ ಎರಡು ಓಣಿ ಕಂಡವು. ಡ್ರೈವರ್ ಬಲಕ್ಕೆ ಹೊರಳಲು ಕಾಯುತ್ತಿರುತ್ತಾನೆ. ಮೊದಲ ಬಲ ಸಿಕ್ಕ ತಕ್ಷಣ ಹೊರಳುತ್ತಾನೆ. ಹಾಗಾಗಿ ‘ಬಲಕ್ಕೆ ಎರಡು ಓಣಿ ಬರುತ್ತವೆ, ಬಿಡಿ’ ಅನ್ನುವ ಸಾಲು ಬೇಕೇ ಬೇಕು.

ದೂರದ ಬಗ್ಗೆ ನಕ್ಷೆಯನ್ನು ನಂಬಲೇಬೇಡಿ. ಈ ಹಾಳೆಯಲ್ಲಿ ಡಾಂಬರ್ ರೋಡಿನಿಂದ ಅಗಸಿಯ ತನಕ ಇರುವ ಗೆರೆಯೂ ಗುಡಿಯಿಂದ ಮನೆಯ ತನಕದ ಗೆರೆಯೂ ಹೆಚ್ಚು ಕಡಿಮೆ ಒಂದೇ ಉದ್ದ. ನಿಜದಲ್ಲಿ ಮೊದಲನೆಯದು ಒಂದೂವರೆ ಕಿಲೋಮೀಟರ್, ಎರಡನೆಯದು ಮೂರು ಕರೆಂಟ್ ಕಂಬ. ಮನೆಯ ಹತ್ತಿರ ಗೊತ್ತಿರುವುದು ಜಾಸ್ತಿ, ಹಾಗಾಗಿ ಹಾಳೆಯಲ್ಲಿ ಜಾಗವೂ ಜಾಸ್ತಿ. ಅಳತೆ ಕೇಳಿದರೆ ‘ಇಲ್ಲೇ ರೀ, ಕೂಗಳತೆ’ ಅನ್ನುತ್ತಾರೆ. ಅದಕ್ಕೇ ಊರೊಳಗಿನ ದೂರವನ್ನು ನಾನು ಕಂಬದ ಲೆಕ್ಕದಲ್ಲಿ ಕೇಳುತ್ತೇನೆ. ಊರೊಳಗೆ ಎರಡು ಕಂಬದ ನಡುವೆ ಸುಮಾರು 40-50 ಮೀಟರ್ ಇರುತ್ತದೆ. ಅಜ್ಜ ಅಜ್ಜಿಯರೂ ಬಾಗಿಲಲ್ಲಿ ನಿಂತು ಕಂಬ ಎಣಿಸಿ ಹೇಳಬಲ್ಲರು. ಡಾಂಬರ್ ರಸ್ತೆಯ ದೂರಕ್ಕೆ ಗಾಡಿಯ ಮೀಟರ್ ಇದೆ.

ಕೇಳುವ ಬಗೆ, ಬರೆಯುವ ಬಗೆ

ಫೋನಿನಲ್ಲಿ ಕೇಳುವಾಗ ಹೌದು-ಅಲ್ಲ ಅನ್ನುವ ಪ್ರಶ್ನೆ ಬೇಡ. ‘ಸಾಲಿ ಎಡಕ್ಕ ಬರತೈತಿ ಹೌದಲ್ರೀ?’ ಅಂದರೆ ನೂರಕ್ಕೆ ತೊಂಬತ್ತು ಮಂದಿ ‘ಹೂಂನ್ರೀ’ ಅಂತಾರೆ. ಅದು ಒಪ್ಪಿಗೆಯಲ್ಲ, ಮರ್ಯಾದೆ. ‘ಹಳ್ಳ ದಾಟಿ ಬಂದ್ರ ಸಾಲಿ ಯಾವ ಕಡೆ ಬರತೈತ್ರಿ?’ ಅಂತ ಕೇಳಿದರೆ ಅವರು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡು ಹೇಳುತ್ತಾರೆ. ಕೆಲವರು ಫೋನ್ ಹಿಡಿದೇ ಕೈ ಆಡಿಸಿ ನೋಡಿಕೊಳ್ಳುವುದು ಸಪ್ಪಳದಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ, ನಕ್ಷೆ ಎಂದೂ ಹೇಳದ್ದು: ಗಾಡಿ ಓಣಿಯೊಳಗೆ ಹಿಡಿಯುತ್ತದಾ? ಟಾಟಾ ಏಸ್ ಸುಮಾರು ಒಂದೂವರೆ ಮೀಟರ್ ಅಗಲ. ಗಿರಾಕಿಗೆ ಮೀಟರ್ ಕೇಳಿ ಉಪಯೋಗವಿಲ್ಲ. ‘ನಿಮ್ಮ ಓಣ್ಯಾಗ ಟ್ರ್ಯಾಕ್ಟರ್ ಟ್ರೇಲರ್ ಬರತೈತೇನ್ರೀ?’ ಅಂತ ಕೇಳಿ. ಟ್ರೇಲರ್ ನಮ್ಮ ಗಾಡಿಗಿಂತ ಅಗಲ, ಅದು ಬಂದರೆ ನಮ್ಮದೂ ಬರುತ್ತದೆ. ಇಲ್ಲಿ ಹೌದು-ಅಲ್ಲ ಪ್ರಶ್ನೆ ನಡೆಯುತ್ತದೆ, ಯಾಕೆಂದರೆ ಉತ್ತರದ ಜೊತೆ ಒಂದು ಕಥೆ ಬರುತ್ತದೆ. ಈ ಕಾಕಾ ಅಂದದ್ದು, “ಚಕ್ಕಡಿ ಬರತೈತ್ರೀ. ಟ್ರ್ಯಾಕ್ಟರ್ ಗುಡಿ ಮುಂದನ ನಿಂದರತೈತಿ. ಓಣ್ಯಾಗ ಎರಡೂ ಕಡೆ ಕಟ್ಟಿ ಅದಾವು.” ಅಂದರೆ ಗಾಡಿ ದ್ಯಾಮವ್ವನ ಗುಡಿ ಮುಂದೆ ನಿಲ್ಲಬೇಕು, ಫ್ರಿಜ್ಜನ್ನು ಮೂರು ಕಂಬದ ದೂರ ಹೊತ್ತು ಹೋಗಬೇಕು. ಅದಕ್ಕೆ ಡ್ರೈವರ್ ಒಬ್ಬ ಸಾಲುವುದಿಲ್ಲ. ಜೊತೆಗೆ ಒಬ್ಬ ಹಮಾಲನನ್ನು ಗದಗಿನಲ್ಲೇ ಹತ್ತಿಸಿದೆವು. ಫ್ರಿಜ್ ನಿಲ್ಲಿಸಿಕೊಂಡೇ ಹೋಗುವ ಮಾಲು, ಗಾಡಿಯ ಮೇಲೆ ಎತ್ತರವಾಗುತ್ತದೆ. ಹಾಗಾಗಿ ಜೋತುಬಿದ್ದ ವೈರ್ ಇದೆಯಾ ಅಂತಲೂ ಕೇಳಿದೆ. ಇರಲಿಲ್ಲ.

ಬರೆಯುವಾಗ ಒಂದು ಸಾಲಿಗೆ ಒಂದೇ ತಿರುವು. ಡ್ರೈವರ್ ಗಾಡಿ ನಿಲ್ಲಿಸಿ ಒಂದು ಸಾಲು ಓದುತ್ತಾನೆ, ಫೋನ್ ಇಡುತ್ತಾನೆ, ಹೊರಡುತ್ತಾನೆ. ಸಾಲಿನಲ್ಲಿ ಮೊದಲು ಕಾಣುವ ಗುರುತು, ಆಮೇಲೆ ಮಾಡಬೇಕಾದ್ದು. ‘ಎಡಕ್ಕೆ ಹೊರಳಿ, ಗುಡಿ ಬಂದ ಮೇಲೆ’ ಅಂತ ಬರೆದರೆ ಎಡಕ್ಕೆ ಅನ್ನುವುದು ಮಾತ್ರ ತಲೆಯಲ್ಲಿ ಉಳಿಯುತ್ತದೆ. ಮುಖ್ಯ ತಿರುವುಗಳಿಗೆ ದಾಟಿಹೋದರೆ ಏನು ಕಾಣುತ್ತದೆ ಅನ್ನುವುದನ್ನೂ ಸೇರಿಸಿ. ಗುರುತು ತಪ್ಪಿದವನಿಗೆ ತಾನು ತಪ್ಪಿದ್ದು ಗೊತ್ತಾಗುವುದಿಲ್ಲ. ಸುಮ್ನೆ ಮುಂದೆ ಹೋಗುತ್ತಲೇ ಇರುತ್ತಾನೆ. ನಮ್ಮ ಅದೃಷ್ಟಕ್ಕೆ ಹುಡುಗಿ ದ್ಯಾಮವ್ವನ ಗುಡಿಯ ಆಚೆಗೆ ‘ನೀರಿನ ಟಾಕಿ’ ಬರೆದಿದ್ದಳು. ದಾರಿಗೆ ಅದು ಬೇಕಾಗಿರಲಿಲ್ಲ, ತಡೆಯಲು ಬೇಕಾಗಿತ್ತು. ಡಾಂಬರ್ ರೋಡಿನಲ್ಲಿ ತಿರುವು ದಾಟಿದರೆ ಏನು ಸಿಗುತ್ತದೆ ಅಂತ ಕಾಕಾನನ್ನು ಕೇಳಿ ಪೆಟ್ರೋಲ್ ಬಂಕ್ ಸೇರಿಸಿದೆ.

ಕೊನೆಗೆ ಡ್ರೈವರ್‌ಗೆ ಹೋದದ್ದು ಇದು:

1. ಮುಳಗುಂದ ಬಸ್ ಸ್ಟ್ಯಾಂಡ್ ಹತ್ತಿರ ಮೀಟರ್ ನೋಡಿಕೊಳ್ಳಿ. ಲಕ್ಷ್ಮೇಶ್ವರದ ಕಡೆ 6 ಕಿ.ಮೀ.
2. ಎಡಕ್ಕೆ ಊರಿನ ಹೆಸರಿನ ಕಮಾನು. ಅದರೊಳಗೆ ಎಡಕ್ಕೆ ಹೊರಳಿ. ಪೆಟ್ರೋಲ್ ಬಂಕ್ ಕಂಡರೆ ದಾಟಿದ್ದೀರಿ, ಹಿಂದೆ ಬನ್ನಿ.
3. ನೇರ ಒಂದೂವರೆ ಕಿ.ಮೀ. ಹಳ್ಳದ ಸಣ್ಣ ಪೂಲು, ಆಮೇಲೆ ಎಡಕ್ಕೆ ಶಾಲೆ.
4. ಮೊದಲನೇ ಗುಡಿ (ಹನಮಪ್ಪ), ಮುಂದೆ ಕಟ್ಟೆ. ಅಲ್ಲಿ ಎಡಕ್ಕೆ. ಕೇಳುವಾಗ ‘ಅಗಸಿ’ ಅನ್ನಿ.
5. ಬಲಕ್ಕೆ ಎರಡು ಓಣಿ ಬರುತ್ತವೆ, ಬಿಡಿ.
6. ಎರಡನೇ ಗುಡಿ (ದ್ಯಾಮವ್ವ), ಎದುರು ಮೂಲೆಗೆ ಹಸಿರು ತಗಡಿನ ಬಾಗಿಲು. ಗಾಡಿ ಇಲ್ಲೇ ನಿಲ್ಲಿಸಿ, ಹೊರಳಿಸಲು ಜಾಗ ಇದೆ. ನೀರಿನ ಟಾಕಿ ಬುಡಕ್ಕೆ ಬಂದರೆ ದಾಟಿದ್ದೀರಿ.
7. ಗುಡಿಯಿಂದ ಬಲಕ್ಕೆ ಓಣಿ, ನಡೆದು ಹೋಗಬೇಕು. ಮೂರನೇ ಕಂಬ, ಎಡಕ್ಕೆ ಮನೆ, ಮುಂದೆ ದೊಡ್ಡ ಬೇವಿನ ಮರ.

ಇದನ್ನು ಕಳಿಸುವ ಮೊದಲು ಕಾಕಾಗೆ ಓದಿ ಹೇಳಿದೆ. ಐದನೇ ಸಾಲಿಗೆ ಅವರು ತಡೆದರು. “ಎರಡನೇ ಓಣಿ ಈಗ ಬಂದ್ ಐತ್ರೀ, ಗಟಾರ ಕೆಲಸ ನಡದೈತಿ. ಮಣ್ಣ ಹಾಕ್ಯಾರ.” ಓಣಿ ಬಂದ್ ಆದರೂ ಮಣ್ಣಿನ ಗುಡ್ಡೆ ಕಾಣುತ್ತದಲ್ವಾ, ಡ್ರೈವರ್ ಅದನ್ನು ಓಣಿ ಅಂತ ಎಣಿಸುತ್ತಾನೋ ಇಲ್ಲವೋ ಹೇಳಲು ಬರುವುದಿಲ್ಲ. ಹಾಗಾಗಿ ‘ಎರಡನೆಯದರ ಬಾಯಿಗೆ ಮಣ್ಣು ಹಾಕಿದ್ದಾರೆ’ ಅಂತ ಸೇರಿಸಿದೆ. ಇಂಥ ತಾತ್ಕಾಲಿಕ ವಿಷಯ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಸುಗ್ಗಿಯಲ್ಲಿ ರಸ್ತೆ ಮೇಲೆ ಕಾಳು ಹರವಿರುತ್ತಾರೆ, ಜಾತ್ರೆಯಲ್ಲಿ ಗುಡಿ ಮುಂದಿನ ದಾರಿಯೇ ಇರುವುದಿಲ್ಲ. ಅದಕ್ಕೇ ಹೊರಡುವ ದಿನ ಬೆಳಿಗ್ಗೆ ಒಂದು ಸಲ ಓದಿ ಹೇಳುವುದು. ಮಳೆ ಬಂದಿದ್ದರೆ ಹಳ್ಳದಲ್ಲಿ ನೀರು ಎಷ್ಟಿದೆ ಅಂತಲೂ ಆಗಲೇ ಕೇಳುತ್ತೇನೆ.

ಫ್ರಿಜ್ ಮುಟ್ಟಿತು. ಡ್ರೈವರ್ ದಾರಿಯಲ್ಲಿ ಒಂದೇ ಸಲ ಫೋನ್ ಮಾಡಿದ, ಗುಡಿ ಎದುರು ನಿಂತು. “ಅಣ್ಣಾ, ಹಸಿರು ಬಾಗಲಾ ಇಲ್ಲಿಲ್ಲ, ನೀಲಿ ಐತಿ. ಆದ್ರ ಒಳಗ ಹಿಟ್ಟಿನ ವಾಸನಿ ಬರಾಕ್ಹತ್ತೈತಿ.” ಗಿರಣಿಯವರು ಆ ವಾರವೇ ಬಣ್ಣ ಹೊಡೆಸಿದ್ದರಂತೆ. ಆರನೇ ಸಾಲಿನಲ್ಲಿ ಹಸಿರನ್ನು ನೀಲಿ ಮಾಡಿ, ಪಕ್ಕಕ್ಕೆ ತಾರೀಖು ಹಾಕಿ, ಹುಡುಗಿಯ ನಕ್ಷೆಯ ಫೋಟೋ ಜೊತೆ ಆ ಊರಿನ ಹೆಸರಿನಲ್ಲಿ ಇಟ್ಟುಕೊಂಡಿದ್ದೇನೆ. ಅದೇ ಓಣಿಗೆ ಮುಂದಿನ ತಿಂಗಳು ಒಂದು ವಾಷಿಂಗ್ ಮಷೀನ್ ಹೋಗುವುದಿದೆ.